63 ಜನ ದುಡ್ಡು ಹಾಕ್ತೀವಿ ಅಂದರು. ಸಿಎ ಮಾತ್ರ "ಎಷ್ಟು ಜನರನ್ನ ಕರೆದಿರಿ?" ಅಂತ ಕೇಳ್ತಿದ್ದಾರೆ

ಸಕಲೇಶಪುರ_ತೋಟ

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಓದಿ ಹೇಳಿ.

ನಾನು ಮತ್ತು ನನ್ನ ಗೆಳೆಯ ಹೋದ ವರ್ಷ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದೆವು. ಕಾಫಿ ಹುರಿದು, ಪುಡಿ ಮಾಡಿ, ನಮ್ಮದೇ ಹೆಸರಲ್ಲಿ ಮಾರುವ ಯೋಚನೆ. ಈಗ ಷೇರುದಾರರು ನಾಲ್ಕೇ ಜನ: ನಾವಿಬ್ಬರು, ನಮ್ಮ ಮನೆಯವರಿಬ್ಬರು. ಶೆಡ್ಡಿಗೆ, ರೋಸ್ಟರ್‌ಗೆ, ಪ್ಯಾಕಿಂಗ್ ಮೆಷಿನ್ನಿಗೆ ಸುಮಾರು 30 ಲಕ್ಷ ಬೇಕು. ಬ್ಯಾಂಕಿಗೆ ಹೋದರೆ ತೋಟದ ಪತ್ರ ಕೇಳುತ್ತಾರೆ. ಅದು ಬೇಡ ಅಂತ ಬೆಳೆಗಾರರ ಹತ್ತಿರವೇ ಷೇರು ಹಣ ಎತ್ತೋಣ ಅಂದುಕೊಂಡೆವು.

ನಮ್ಮ ಭಾಗದ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ 412 ಜನ ಇದ್ದಾರೆ. ಜನವರಿ 20ಕ್ಕೆ ಅದರಲ್ಲಿ ಒಂದು ಪೋಸ್ಟರ್ ಹಾಕಿದೆ. "ನಮ್ಮ ಕಾಫಿ, ನಮ್ಮ ಕಂಪನಿ. ಷೇರು ಒಂದಕ್ಕೆ 100 ರೂ., ಕನಿಷ್ಠ 50,000 ರೂ., ಮಾರ್ಚ್ 15ರೊಳಗೆ", ಕೆಳಗೆ ಕಂಪನಿಯ ಅಕೌಂಟ್ ನಂಬರ್. 63 ಜನ ಒಪ್ಪಿದರು. 21 ಜನರ ದುಡ್ಡು ಬಂದೂ ಆಯಿತು, 10.5 ಲಕ್ಷ. ಅದರಲ್ಲಿ 3 ಲಕ್ಷ ರೋಸ್ಟರ್‌ಗೆ ಅಡ್ವಾನ್ಸ್ ಕೊಟ್ಟಿದ್ದೇವೆ.

ನಿನ್ನೆ ಸಿಎ ಹತ್ತಿರ ಲೆಕ್ಕ ತಗೊಂಡು ಹೋದೆ. ಅವರು ದುಡ್ಡಿನ ವಿಷಯ ಕೇಳಲೇ ಇಲ್ಲ. "ಎಷ್ಟು ಜನರಿಗೆ ಕಳಿಸಿದಿರಿ?" ಅಂದರು. 412 ಅಂದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮುಂದಿನ ವಾರ ಬನ್ನಿ, ಅಲ್ಲಿವರೆಗೆ ಒಂದು ರೂಪಾಯಿನೂ ಮುಟ್ಟಬೇಡಿ" ಅಂದರು. ಮಿತಿ 200 ಅಂತ ನಾನೂ ಕೇಳಿದ್ದೇನೆ. ನಮ್ಮದು 63. ಇದರಲ್ಲಿ ತಪ್ಪೇನು?

ಬೇಲೂರು_ಲೆಕ್ಕ

200 ಅಲ್ಲ, 49. ಐವತ್ತನೇ ಮನುಷ್ಯ ಬಂದ ಅಂದರೆ ಅದು ಪಬ್ಲಿಕ್ ಇಶ್ಯೂ ಆಗುತ್ತದೆ. ನಾನು ಎರಡು ಆಫೀಸಿನಲ್ಲಿ ಅಕೌಂಟ್ಸ್ ನೋಡಿದವನು, ಇದು ಬಾಯಿಪಾಠ. ನಿಮಗೆ ದುಡ್ಡು ಬಂದಿರೋದು 21 ಜನರಿಂದ, ಅಲ್ವಾ? ಅಲ್ಲಿಗೇ ನಿಲ್ಲಿಸಿ. ಉಳಿದ 42 ಜನಕ್ಕೆ ಬೇಡ ಅಂದುಬಿಡಿ. ಏನೂ ತೊಂದರೆ ಇಲ್ಲ.

ಅರಸೀಕೆರೆ_ತೆಂಗು

ಇದೆಂಥ ಗಲಾಟೆ ಅಣ್ಣ? ನಮ್ಮ ತೆಂಗು ಬೆಳೆಗಾರರ ಕಂಪನಿಯಲ್ಲಿ 640 ಜನ ಷೇರುದಾರರು. ಹಳ್ಳಿ ಹಳ್ಳಿಗೆ ಹೋಗಿ, ದೇವಸ್ಥಾನದ ಜಗಲಿ ಮೇಲೆ ಕೂತು ಷೇರು ಬರೆಸಿದೆವು. ಮೈಕ್ ಹಾಕಿ ಕರೆದೆವು. ಯಾರೂ ಏನೂ ಕೇಳಲಿಲ್ಲ. ನಿಮ್ಮ ಸಿಎ ಫೀಸ್ ಜಾಸ್ತಿ ಮಾಡೋಕೆ ಹೆದರಿಸ್ತಿದ್ದಾರೆ ಅಷ್ಟೆ.

ಹಾಸನ_ಸಿಎಸ್

ಸಿಎ ಹೆದರಿಸುತ್ತಿಲ್ಲ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನಾನು ಕಂಪನಿ ಸೆಕ್ರೆಟರಿ. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದೆ, ಈಗ ಹಾಸನದಲ್ಲಿ ಕೂತು ಇದೇ ಕೆಲಸ ಮಾಡುತ್ತಿದ್ದೇನೆ. ಒಂದೊಂದಾಗಿ ಹೇಳುತ್ತೇನೆ.

ಮೊದಲು ಬೇಲೂರಿನವರ 49. ಅದು ಹಳೆಯ 1956ರ ಕಂಪನಿ ಕಾಯ್ದೆಯ ಲೆಕ್ಕ. ಆಗ 50 ಅಥವಾ ಅದಕ್ಕಿಂತ ಜಾಸ್ತಿ ಜನಕ್ಕೆ ಕೊಡುಗೆ ಹೋದರೆ ಅದು ಸಾರ್ವಜನಿಕ ಕೊಡುಗೆ. ಈಗ ಇರುವುದು 2013ರ ಕಾಯ್ದೆ, ಅದರ 42ನೇ ಸೆಕ್ಷನ್. ಅಲ್ಲಿಯೂ 50 ಅಂತಲೇ ಬರೆದಿದೆ, "ಅಥವಾ ನಿಯಮದಲ್ಲಿ ಹೇಳುವ ಹೆಚ್ಚಿನ ಸಂಖ್ಯೆ" ಅಂತಲೂ ಇದೆ. ನಿಯಮ ಹೇಳುವುದು 200. ಒಂದು ಹಣಕಾಸು ವರ್ಷದಲ್ಲಿ, ಒಂದು ಬಗೆಯ ಷೇರಿಗೆ, ಒಟ್ಟು 200 ಜನ. ಮ್ಯೂಚುವಲ್ ಫಂಡಿನಂಥ ದೊಡ್ಡ ಸಂಸ್ಥೆಗಳನ್ನು, ಇಸಾಪ್‌ನಲ್ಲಿ ಷೇರು ಪಡೆಯುವ ನೌಕರರನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಈಗ ಮುಖ್ಯ ವಿಷಯ. ಈ 200 ಯಾರ ಲೆಕ್ಕ? ದುಡ್ಡು ಕೊಟ್ಟವರದ್ದಲ್ಲ, ಒಪ್ಪಿದವರದ್ದೂ ಅಲ್ಲ. ಕರೆದವರ ಲೆಕ್ಕ. ಸೆಕ್ಷನ್ನಿನ ಮಾತೇ ಹಾಗಿದೆ: ದುಡ್ಡು ಬಂದಿರಲಿ ಬಿಡಲಿ, ಮಿತಿ ಮೀರಿ ಆಹ್ವಾನ ಹೋದರೆ ಅದು ಸಾರ್ವಜನಿಕ ಕೊಡುಗೆ ಅಂತಲೇ ಎಣಿಕೆ. ನೀವು ಕರೆದಿದ್ದು 412 ಜನರನ್ನು. ಒಬ್ಬನೂ ಒಂದು ರೂಪಾಯಿ ಹಾಕದಿದ್ದರೂ ತಪ್ಪು ಜನವರಿ 20ಕ್ಕೇ ಆಗಿಹೋಗಿದೆ. ಹಾಗಾಗಿ 21ಕ್ಕೆ ನಿಲ್ಲಿಸಿದರೂ, 63ಕ್ಕೆ ನಿಲ್ಲಿಸಿದರೂ ಅದು ತಿದ್ದಿದಂತೆ ಆಗುವುದಿಲ್ಲ.

ಅರಸೀಕೆರೆಯವರೇ, ನಿಮ್ಮದು ಪ್ರೊಡ್ಯೂಸರ್ ಕಂಪನಿ ಇರಬೇಕು. ನಿಮ್ಮ ಕಂಪನಿ ಹೆಸರಿನ ಕೊನೆಗೆ ಏನಿದೆ ನೋಡಿ ಹೇಳಿ.

ಅರಸೀಕೆರೆ_ತೆಂಗು

ಬೋರ್ಡ್ ನೋಡಿ ಬಂದೆ. "ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್" ಅಂತ ಇದೆ. ಅದಕ್ಕೂ ಇದಕ್ಕೂ ವ್ಯತ್ಯಾಸ ಏನು? ಎರಡೂ ಕಂಪನಿಯೇ ತಾನೆ.

ಮೂಡಿಗೆರೆ_ಹುಡುಗ

ಸಾರ್, 412 ಜನ ಗ್ರೂಪಿನಲ್ಲಿ ಇದ್ದಾರೆ ಅಂದರೆ 412 ಜನ ನೋಡಿದ್ದಾರೆ ಅಂತಲಾ? ಅರ್ಧ ಜನ ಮ್ಯೂಟ್ ಮಾಡಿರುತ್ತಾರೆ. ನಮ್ಮ ಚಿಕ್ಕಪ್ಪ ಗುಡ್ ಮಾರ್ನಿಂಗ್ ಹೂವಿನ ಫೋಟೋ ಕಳಿಸೋದು ಬಿಟ್ಟು ಏನೂ ಓದಲ್ಲ. ಬ್ಲೂ ಟಿಕ್ ಲೆಕ್ಕ ತೆಗೆದರೆ 200ರ ಒಳಗೇ ಇರುತ್ತದೆ.

ಹಾಸನ_ಸಿಎಸ್

ನಗು ಬಂತು. ಆದರೆ ಬ್ಲೂ ಟಿಕ್ ವಾದ ನಿಲ್ಲುವುದು ಕಷ್ಟ. ಕಾಯ್ದೆ ಕೇಳುವುದು ಅವರು ಓದಿದರಾ ಅಂತ ಅಲ್ಲ, ನೀವು ಕರೆದಿರಾ ಅಂತ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸಂಖ್ಯೆಯನ್ನು ಪಕ್ಕಕ್ಕಿಡಿ. ಗ್ರೂಪಿನಲ್ಲಿ 150 ಜನರೇ ಇದ್ದರು ಅಂದುಕೊಳ್ಳಿ, ಆಗಲೂ ತಪ್ಪೇ. ಯಾಕೆಂದರೆ ಪ್ರೈವೇಟ್ ಪ್ಲೇಸ್‌ಮೆಂಟ್ ಅಂದರೆ ಮೊದಲು ಹೆಸರು, ಆಮೇಲೆ ಕರೆ. ಬೋರ್ಡ್ ಮೀಟಿಂಗಿನಲ್ಲಿ ಕೂತು "ಇಂಥವರು, ಇಂಥವರು" ಅಂತ ಪಟ್ಟಿ ಬರೆಯಬೇಕು. ಷೇರುದಾರರ ಸಭೆಯಲ್ಲಿ ವಿಶೇಷ ನಿರ್ಣಯ ಆಗಬೇಕು. ಆ ನಿರ್ಣಯ ಬೆಂಗಳೂರಿನ ರಿಜಿಸ್ಟ್ರಾರ್ ಹತ್ತಿರ ಫೈಲ್ ಆಗಬೇಕು. ಆಮೇಲೆ ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಅವರ ಹೆಸರು ಬರೆದು, ಕ್ರಮಸಂಖ್ಯೆ ಹಾಕಿದ ಪತ್ರ ಹೋಗಬೇಕು. ಅದಕ್ಕೆ ಪಿಎಎಸ್-4 ಅನ್ನುತ್ತಾರೆ. 37ನೇ ನಂಬರ್ ಪತ್ರ ನಿಮ್ಮ ಹೆಸರಿಗೆ ಬಂದರೆ ನೀವೇ ಷೇರು ತಗೋಬೇಕು, ಇಲ್ಲ ಬಿಡಬೇಕು. ನಿಮ್ಮ ಭಾವನಿಗೆ ದಾಟಿಸುವ ಹಾಗಿಲ್ಲ. ಪೋಸ್ಟರ್‌ಗೆ ಹೆಸರೂ ಇಲ್ಲ, ನಂಬರೂ ಇಲ್ಲ, ಯಾರು ಬೇಕಾದರೂ ಯಾರಿಗೆ ಬೇಕಾದರೂ ಕಳಿಸಬಹುದು. ಅದು ಊರಲ್ಲಿ ಡಂಗುರ ಹೊಡೆಸಿದಂತೆ. ಜಾಹೀರಾತು, ಮಾಧ್ಯಮ, ಏಜೆಂಟರ ಮೂಲಕ ಇಂಥ ಕೊಡುಗೆಯನ್ನು ಜನಕ್ಕೆ ತಿಳಿಸಬಾರದು ಅಂತ 42ನೇ ಸೆಕ್ಷನ್ನಿನಲ್ಲೇ ಬೇರೆಯಾಗಿ ಬರೆದಿದೆ.

ಸಕಲೇಶಪುರದವರೇ, ಮೂರು ಪ್ರಶ್ನೆ. ಪೋಸ್ಟರ್ ಆ ಗ್ರೂಪ್ ಬಿಟ್ಟು ಬೇರೆ ಕಡೆ ಹೋಗಿದೆಯಾ? 21 ಜನರ ದುಡ್ಡು ಹೇಗೆ ಬಂತು? ಯಾವ ತಾರೀಖಿಗೆ?

ಸಕಲೇಶಪುರ_ತೋಟ

ಸಾರ್, ಓದಿ ಕೈಕಾಲು ತಣ್ಣಗಾಯಿತು.

ಪೋಸ್ಟರ್ ಹಾಸನದ ಒಂದು ದೊಡ್ಡ ಗ್ರೂಪಿಗೆ ಹೋಗಿದೆ. ಒಬ್ಬ ಹುಡುಗ ಫೇಸ್‌ಬುಕ್ ಪೇಜಿನಲ್ಲೂ "ಬೆಳೆಗಾರರಿಗೆ ಸುವರ್ಣಾವಕಾಶ" ಅಂತ ಹಾಕಿದ್ದಾನೆ. ನಾವು ಹೇಳಿಲ್ಲ, ಅವನಾಗೇ ಹಾಕಿದ್ದು. ನಾನು ಖುಷಿಯಲ್ಲಿ ಒಂದು ಲೈಕ್ ಕೂಡ ಒತ್ತಿದ್ದೆ.

ದುಡ್ಡು: 17 ಜನ ಅವರವರ ಅಕೌಂಟಿನಿಂದ ಕಳಿಸಿದ್ದಾರೆ. ಒಬ್ಬರು ಅವರ ಹೆಂಡತಿ ಅಕೌಂಟಿನಿಂದ. ಮೂರು ಜನ ನಗದು ತಂದು ಕೊಟ್ಟರು. ಕಾಫಿ ಮಾರಿದ ದುಡ್ಡು, ರಬ್ಬರ್ ಬ್ಯಾಂಡ್ ಹಾಕಿದ ಹಾಗೇ. ನಾವೇ ಬ್ಯಾಂಕಿಗೆ ಕಟ್ಟಿದೆವು. ಮೊದಲ ದುಡ್ಡು ಬಂದಿದ್ದು ಜನವರಿ 24, ಕೊನೆಯದು ಫೆಬ್ರವರಿ 3. ಎಲ್ಲಾ ಕಂಪನಿಯ ಕರೆಂಟ್ ಅಕೌಂಟಿಗೇ ಹೋಗಿದೆ.

ಚಿಕ್ಕಮಗಳೂರು_ಅಕ್ಕ

ಸಕಲೇಶಪುರದ ತಮ್ಮ, ನಿಮ್ಮ ಮನಸ್ಸಿನಲ್ಲಿ ಮೋಸ ಇಲ್ಲ ಅನ್ನೋದು ಕಾಣುತ್ತದೆ. ಆದರೂ ಹೇಳ್ತೀನಿ, ಬೇಜಾರಾಗಬೇಡಿ.

ನಮ್ಮ ತಂದೆಗೆ ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣ ಅಂಗಡಿ ಇತ್ತು. ಒಬ್ಬ ಏಜೆಂಟ್ ದಿನಾ ಬಂದು ಕೂರುತ್ತಿದ್ದ. ಯಾವುದೋ ಕಂಪನಿಯ ಬಾಂಡು, ಹೆಸರು ಈಗ ಬೇಡ. "ಇದು ಪಬ್ಲಿಕ್ಕಿಗಲ್ಲ, ನಮ್ಮವರಿಗೆ ಮಾತ್ರ" ಅನ್ನುತ್ತಿದ್ದ. ತಂದೆಗೆ ಆ "ನಮ್ಮವರು" ಅನ್ನುವ ಮಾತೇ ಹಿಡಿಸಿದ್ದು. 40,000 ಹಾಕಿದರು. ಕಂಪನಿ ಎಲ್ಲಿದೆ, ಯಾರು ನಡೆಸುತ್ತಾರೆ, ದುಡ್ಡು ಯಾವುದಕ್ಕೆ ಹೋಗುತ್ತದೆ, ಒಂದೂ ಗೊತ್ತಿರಲಿಲ್ಲ. ಒಂದು ಹಸಿರು ಕಾಗದ ಕೊಟ್ಟಿದ್ದರು, ಅದು ಇನ್ನೂ ಟ್ರಂಕಿನಲ್ಲಿದೆ. ಆಮೇಲೆ ಗೊತ್ತಾಯಿತು, ನಮ್ಮ ಬೀದಿಯಲ್ಲೇ ಹನ್ನೊಂದು ಮನೆಯವರು "ನಮ್ಮವರು" ಆಗಿದ್ದರು.

ಅದಕ್ಕೇ ಈ ಎಣಿಕೆ ನಿಯಮ ಸುಮ್ನೆ ಮಾಡಿದ್ದಲ್ಲ ಅಂತ ನನಗನಿಸುತ್ತದೆ.

ಮೂಡಿಗೆರೆ_ಹುಡುಗ

ಅಕ್ಕ, ಸಹಾರಾ ಕೇಸಿನಲ್ಲಿ ಆಗಿದ್ದೂ ಇದೇ ಅಲ್ವಾ?

ಹಾಸನ_ಸಿಎಸ್

ಅಕ್ಕನ ತಂದೆಯ ಕಂಪನಿ ಯಾವುದೋ ನಮಗೆ ಗೊತ್ತಿಲ್ಲ, ಎರಡನ್ನೂ ಬೆರೆಸುವುದು ಬೇಡ. ಆದರೆ ಸಹಾರಾ ಕೇಸು ಈ ವಿಷಯದಲ್ಲಿ ಓದಲೇಬೇಕಾದದ್ದು.

ಅಲ್ಲಿ ಎರಡು ಕಂಪನಿಗಳು ಡಿಬೆಂಚರ್, ಅಂದರೆ ಷೇರಾಗಿ ಬದಲಾಗಬಲ್ಲ ಸಾಲಪತ್ರ ಕೊಟ್ಟವು. ಇದು ಪ್ರೈವೇಟ್ ಪ್ಲೇಸ್‌ಮೆಂಟ್, ನಮ್ಮ ಸ್ನೇಹಿತರು, ಕೆಲಸಗಾರರು, ನಮ್ಮ ಗುಂಪಿಗೆ ಸಂಬಂಧ ಇರುವವರಿಗೆ ಮಾತ್ರ ಅಂತ ಕಾಗದದಲ್ಲಿ ಬರೆದರು. ಆ ಸಂಬಂಧ ಇರುವವರು ಎಷ್ಟು ಜನ ಗೊತ್ತಾ? ಸುಮಾರು 3 ಕೋಟಿ. 10 ಲಕ್ಷ ಏಜೆಂಟರು, 2,900ಕ್ಕೂ ಹೆಚ್ಚು ಶಾಖೆಗಳ ಮೂಲಕ ಅವರನ್ನು ತಲುಪಿದ್ದರು. 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಇದು ಸಾರ್ವಜನಿಕ ಕೊಡುಗೆಯೇ ಅಂತ ಹೇಳಿತು. ನಾವು ಲಿಸ್ಟ್ ಆಗುವ ಉದ್ದೇಶವೇ ಇರಲಿಲ್ಲ, ಆದ್ದರಿಂದ ಷೇರುಪೇಟೆ ನೋಡಿಕೊಳ್ಳುವ ಸೆಬಿಗೆ ಅಧಿಕಾರವಿಲ್ಲ ಅನ್ನುವ ವಾದವನ್ನೂ ಒಪ್ಪಲಿಲ್ಲ. ಎತ್ತಿದ 24,000 ಕೋಟಿಗೂ ಹೆಚ್ಚು ಹಣವನ್ನು ಶೇ. 15 ಬಡ್ಡಿ ಸೇರಿಸಿ ವಾಪಸ್ ಕೊಡಿ ಅಂದಿತು.

ಈ ಕೇಸಿನಲ್ಲಿ ನನಗೆ ಮುಖ್ಯ ಅನಿಸುವುದು ದುಡ್ಡಿನ ಮೊತ್ತ ಅಲ್ಲ. ಕಾಗದಕ್ಕೆ "ಪ್ರೈವೇಟ್" ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಪ್ರೈವೇಟ್ ಆಗುವುದಿಲ್ಲ ಅನ್ನುವುದು. ಎಷ್ಟು ಜನರನ್ನು ಕರೆದಿರಿ ಅನ್ನುವುದೇ ಹೆಸರಿಡುತ್ತದೆ.

ಸಕಲೇಶಪುರದವರೇ, ನಿಮ್ಮದಕ್ಕೆ ಬರುತ್ತೇನೆ. ಈಗ ಹೊಲದ ಕೆಲಸಕ್ಕೆ ಹೊರಟೆ, ರಾತ್ರಿ ಬರೆಯುತ್ತೇನೆ.

ಮೂಡಿಗೆರೆ_ಹುಡುಗ

ಅಷ್ಟರಲ್ಲಿ ನನ್ನದೊಂದು ಐಡಿಯಾ. ಹತ್ತು ಹತ್ತು ಜನ ಸೇರಿ ದುಡ್ಡು ಒಟ್ಟು ಮಾಡಿ, ಒಬ್ಬನ ಹೆಸರಲ್ಲಿ ಷೇರು ತಗೊಂಡರೆ? 412 ಜನ ಹೋಗಿ 42 ಆಗುತ್ತದೆ. ಲಾಭ ಬಂದಾಗ ಅವನು ಒಳಗೊಳಗೇ ಹಂಚುತ್ತಾನೆ. ನಮ್ಮೂರಲ್ಲಿ ಚೀಟಿ ಹೀಗೇ ನಡೆಯುತ್ತದೆ.

ಇನ್ನೊಂದು: ಮಾರ್ಚಿನಲ್ಲಿ 200, ಏಪ್ರಿಲ್ ಒಂದರಿಂದ ಇನ್ನೊಂದು 200. ಹಣಕಾಸು ವರ್ಷ ಬೇರೆ ಆಯಿತಲ್ಲ.

ಬೇಲೂರು_ಲೆಕ್ಕ

49 ಹಳೆಯದು ಅನ್ನುವುದನ್ನು ಒಪ್ಪಿದೆ. ಆದರೆ ಏಪ್ರಿಲ್ ಐಡಿಯಾ ಸರಿ ಇದೆ. ನಿಯಮದಲ್ಲಿ ಹಣಕಾಸು ವರ್ಷ ಅಂತಲೇ ಇದೆ.

ಹಾಸನ_ಸಿಎಸ್

ಏಪ್ರಿಲ್ ಲೆಕ್ಕ ಅರ್ಧ ಸರಿ. ಕೊಡುಗೆಯ ಎಣಿಕೆ ವರ್ಷ ವರ್ಷಕ್ಕೆ ಹೊಸದಾಗಿ ಶುರುವಾಗುತ್ತದೆ, ನಿಜ. ಆದರೆ ಇವರದು ಪ್ರೈವೇಟ್ ಲಿಮಿಟೆಡ್. ಅದರಲ್ಲಿ ಒಟ್ಟು ಸದಸ್ಯರೇ 200 ದಾಟುವ ಹಾಗಿಲ್ಲ. ಈ 200 ಬೇರೆ, ಆ 200 ಬೇರೆ. ಒಂದು ಕರೆಯುವುದಕ್ಕೆ, ಇನ್ನೊಂದು ಒಳಗೆ ಕೂರುವುದಕ್ಕೆ. ಈಗಾಗಲೇ ನಾಲ್ಕು ಜನ ಕೂತಿದ್ದಾರೆ, ಇನ್ನು ಜಾಗ 196. ಎಷ್ಟು ಏಪ್ರಿಲ್ ಬಂದರೂ ಅಷ್ಟೇ.

ಮೂಡಿಗೆರೆಯ ಮೊದಲ ಐಡಿಯಾ ಮಾಡಲೇಬೇಡಿ. ಷೇರಿನ ದುಡ್ಡು, ಷೇರು ತಗೊಳ್ಳುವವನ ಸ್ವಂತ ಬ್ಯಾಂಕ್ ಅಕೌಂಟಿನಿಂದಲೇ ಬರಬೇಕು. ಒಬ್ಬನ ಹೆಸರಲ್ಲಿರುವ ಷೇರಿನ ನಿಜವಾದ ಒಡೆಯ ಬೇರೆಯವನು ಅಂದರೆ ಅದನ್ನು ಕಂಪನಿಗೆ ಬರೆದು ತಿಳಿಸಬೇಕು ಅಂತ ಬೇರೆ ಸೆಕ್ಷನ್ನೇ ಇದೆ. ತಿಳಿಸಿದರೆ 412 ಜನ ಇದ್ದಾರೆ ಅಂತ ನೀವೇ ಸಾಕ್ಷಿ ಕೊಟ್ಟಂತೆ. ತಿಳಿಸದಿದ್ದರೆ ಅದೊಂದು ಹೊಸ ತಪ್ಪು. ಆ ಹತ್ತು ಜನರ ಮುಂದಾಳು ನಾಳೆ ತೀರಿಕೊಂಡರೆ, ಅವನ ಮಕ್ಕಳು "ಇದು ನಮ್ಮಪ್ಪನ ಷೇರು" ಅಂದರೆ ಉಳಿದ ಒಂಬತ್ತು ಜನ ಯಾವ ಕಾಗದ ತೋರಿಸುತ್ತಾರೆ?

ಈಗ ಸಕಲೇಶಪುರದ ಲೆಕ್ಕ.

ದುಡ್ಡು ಬಂದ ದಿನದಿಂದ 60 ದಿನದೊಳಗೆ ಷೇರು ಹಂಚಬೇಕು. ಹಂಚದಿದ್ದರೆ ಅದಾದ 15 ದಿನದಲ್ಲಿ ದುಡ್ಡು ವಾಪಸ್ ಹೋಗಬೇಕು. ಜನವರಿ 24ಕ್ಕೆ ಬಂದ ದುಡ್ಡಿಗೆ 60 ದಿನ ಮುಗಿಯುವುದು ಮಾರ್ಚ್ 25ಕ್ಕೆ, ವಾಪಸ್ ಕೊಡುವ ಕೊನೆ ದಿನ ಏಪ್ರಿಲ್ 9. ಅದನ್ನೂ ದಾಟಿದರೆ 60ನೇ ದಿನದಿಂದಲೇ ಶೇ. 12 ಬಡ್ಡಿ. ಪೂರ್ತಿ 10.5 ಲಕ್ಷಕ್ಕೆ ತಿಂಗಳಿಗೆ 10,500 ಆಗುತ್ತದೆ. ಅಲ್ಲದೆ ಆ ದುಡ್ಡು ಠೇವಣಿ ಅನ್ನಿಸಿಕೊಳ್ಳುತ್ತದೆ, ಅದು ಇನ್ನೊಂದು ಹುತ್ತಕ್ಕೆ ಕೈ ಹಾಕಿದಂತೆ. ನಿಮಗೆ ಸರಿಯಾದ ದಾರಿಯಲ್ಲಿ ಹಂಚಲು ಆಗುವುದೇ ಇಲ್ಲ, ಹಾಗಾಗಿ ಕಾಯಬೇಡಿ. ಈಗಲೇ ವಾಪಸ್ ಕೊಡಿ.

ರೋಸ್ಟರ್‌ಗೆ ಕೊಟ್ಟ 3 ಲಕ್ಷ ಇದೆಯಲ್ಲ, ಅದೇ ನನಗೆ ಜಾಸ್ತಿ ಚಿಂತೆ. ಅರ್ಜಿ ಹಣ ಬೇರೆ ಅಕೌಂಟಿನಲ್ಲಿ ಇರಬೇಕಿತ್ತು. ಷೇರು ಹಂಚಿ, ಹಂಚಿದ ವಿವರ ರಿಜಿಸ್ಟ್ರಾರ್‌ಗೆ ಫೈಲ್ ಆಗುವವರೆಗೆ ಅದರಿಂದ ಒಂದು ಪೈಸೆ ತೆಗೆಯುವ ಹಾಗಿಲ್ಲ. ಈಗ ನೀವಿಬ್ಬರು ಡೈರೆಕ್ಟರುಗಳು ಸ್ವಂತ ದುಡ್ಡು ಕಂಪನಿಗೆ ಸಾಲವಾಗಿ ಹಾಕಿ ಆ ಗುಂಡಿ ಮುಚ್ಚಿ. ಡೈರೆಕ್ಟರ್ ಕೊಡುವ ಸಾಲಕ್ಕೆ ಅವಕಾಶ ಇದೆ, ಆದರೆ "ಇದು ನಾನು ಬೇರೆಯವರ ಹತ್ತಿರ ಸಾಲ ತಂದ ದುಡ್ಡಲ್ಲ" ಅಂತ ಬರೆದುಕೊಡಬೇಕು. ಕೈಸಾಲ ತಂದು ಹಾಕಿ ಸುಳ್ಳು ಬರೆಯಬೇಡಿ.

ನಗದು ಕೊಟ್ಟ ಮೂವರಿಗೆ ನಗದು ವಾಪಸ್ ಕೊಡಬೇಡಿ. ಅವರ ಹೆಸರಿಗೆ ಚೆಕ್ ಕೊಡಿ, ರಸೀದಿ ತಗೊಳ್ಳಿ. ಹೆಂಡತಿ ಅಕೌಂಟಿನಿಂದ ಬಂದಿದ್ದು ಹೆಂಡತಿ ಅಕೌಂಟಿಗೇ ಹೋಗಲಿ. ಪ್ರತಿಯೊಂದನ್ನೂ ಬೋರ್ಡ್ ಮಿನಿಟ್ಸಿನಲ್ಲಿ ಬರೆದಿಡಿ.

ಸಕಲೇಶಪುರ_ತೋಟ

ಎಲ್ಲಾ ವಾಪಸ್ ಕೊಟ್ಟರೆ ದಂಡ ಇರಲ್ಲ ಅಲ್ವಾ ಸಾರ್?

ಹಾಸನ_ಸಿಎಸ್

ಹಾಗಂತ ಹೇಳಿದರೆ ನಾನು ಸುಳ್ಳು ಹೇಳಿದಂತೆ. ದಂಡ ಎತ್ತಿದ ಮೊತ್ತದವರೆಗೆ ಇಲ್ಲವೇ 2 ಕೋಟಿವರೆಗೆ ಆಗಬಹುದು, ಎರಡರಲ್ಲಿ ಯಾವುದು ಕಡಿಮೆಯೋ ಅದು. ನಿಮ್ಮದರಲ್ಲಿ ಗರಿಷ್ಠ 10.5 ಲಕ್ಷ. ಕಂಪನಿ ಮೇಲೆ ಮಾತ್ರ ಅಲ್ಲ, ಪ್ರವರ್ತಕರು, ಡೈರೆಕ್ಟರುಗಳ ಮೇಲೂ. ಅದು ಗರಿಷ್ಠ. ತಾವಾಗೇ ವಾಪಸ್ ಕೊಟ್ಟವರನ್ನೂ ನೋಟಿಸ್ ಬರುವವರೆಗೆ ಕೂತವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಇದು ನನ್ನ ಅನುಭವ, ಗ್ಯಾರಂಟಿ ಅಲ್ಲ.

ಬೇಲೂರು_ಲೆಕ್ಕ

ಹಾಗಾದರೆ ಸುಮ್ನೆ ವಾಪಸ್ ಕೊಟ್ಟು ಬಾಯಿ ಮುಚ್ಚಿಕೊಂಡಿರಿ. ಸಕಲೇಶಪುರದ ವಾಟ್ಸಾಪ್ ಗ್ರೂಪು ಯಾರು ನೋಡ್ತಾರೆ?

ಹಾಸನ_ಸಿಎಸ್

ಆ ಗ್ರೂಪಿನ 412 ಜನರಲ್ಲಿ ಒಬ್ಬನಿಗೆ ನಿಮ್ಮ ಮೇಲೆ ಬೇಲಿ ಜಗಳ ಇದ್ದರೆ ಸಾಕು. ಅವನ ಫೋನಿನಲ್ಲಿ ಪೋಸ್ಟರ್, ತಾರೀಖು, ಅಕೌಂಟ್ ನಂಬರ್ ಎಲ್ಲಾ ಇದೆ.

ತಾವಾಗೇ ರಿಜಿಸ್ಟ್ರಾರ್ ಮುಂದೆ ಹೋಗಿ ತಪ್ಪು ಒಪ್ಪಿಕೊಂಡು ದಂಡ ನಿರ್ಧರಿಸಿಕೊಳ್ಳುವ ದಾರಿ ಇದೆ. ಹೋಗಬೇಕೋ ಬೇಡವೋ ಅನ್ನುವುದರಲ್ಲಿ ನಮ್ಮ ವೃತ್ತಿಯವರಲ್ಲೇ ಎರಡು ಅಭಿಪ್ರಾಯ ಇದೆ. ನಾನಾದರೆ ಹೋಗು ಅನ್ನುತ್ತೇನೆ. ನನ್ನ ಜೊತೆ ಕೆಲಸ ಮಾಡಿದವರೊಬ್ಬರು "ಹಾವು ಮಲಗಿದ್ದರೆ ಕೋಲು ಯಾಕೆ" ಅನ್ನುತ್ತಾರೆ. ಇದನ್ನು ನಿಮ್ಮ ಕಾಗದ ನೋಡಿದವರ ಹತ್ತಿರವೇ ಕೇಳಿ.

ಚಿಕ್ಕಮಗಳೂರು_ಅಕ್ಕ

ಒಂದು ಪ್ರಶ್ನೆ. ಹಾಗಾದರೆ ಸರಿಯಾಗಿ ಪಬ್ಲಿಕ್ಕಿಗೇ ಕರೆಯಬೇಕು ಅಂದರೆ ಏನು ಮಾಡಬೇಕು? 412 ಜನ ಬೇಕು ಅನ್ನುವುದು ಅವರ ಆಸೆ. ಕದ್ದು ಮುಚ್ಚಿ ಮಾಡುವುದಕ್ಕಿಂತ ಎದುರಾಗಿ ಮಾಡಬಹುದಲ್ಲ.

ಹಾಸನ_ಸಿಎಸ್

ಮಾಡಬಹುದು ಅಕ್ಕ, ಆದರೆ 30 ಲಕ್ಷಕ್ಕೆ ಯಾರೂ ಮಾಡುವುದಿಲ್ಲ. ಮೊದಲು ಪ್ರೈವೇಟ್ ಲಿಮಿಟೆಡ್ ಅನ್ನು ಪಬ್ಲಿಕ್ ಕಂಪನಿ ಮಾಡಬೇಕು. ಕನಿಷ್ಠ ಏಳು ಸದಸ್ಯರು, ಮೂರು ಡೈರೆಕ್ಟರುಗಳು. ಆಮೇಲೆ ಮರ್ಚೆಂಟ್ ಬ್ಯಾಂಕರ್, ಪ್ರಾಸ್ಪೆಕ್ಟಸ್, ಷೇರುಪೇಟೆಯಲ್ಲಿ ಲಿಸ್ಟ್ ಮಾಡಲು ಅರ್ಜಿ. ಸಣ್ಣ ಕಂಪನಿಗಳಿಗೆ ಬಿಎಸ್‌ಇ, ಎನ್‌ಎಸ್‌ಇಗಳಲ್ಲಿ ಬೇರೆ ವೇದಿಕೆ ಇದ್ದರೂ, ಅದರ ಖರ್ಚಿನಲ್ಲೇ ಇವರ ರೋಸ್ಟರ್ ಬಂದುಬಿಡುತ್ತದೆ.

ಆದರೆ ಆ ಖರ್ಚು ಎಲ್ಲಿಗೆ ಹೋಗುತ್ತದೆ ನೋಡಿ. ಪ್ರಾಸ್ಪೆಕ್ಟಸ್‌ನಲ್ಲಿ ಕಂಪನಿಯ ಲೆಕ್ಕ, ಸಾಲ, ಕೋರ್ಟ್ ಕೇಸು, ದುಡ್ಡು ಯಾವುದಕ್ಕೆ ಬೇಕು, ಏನೇನು ಕೆಡಬಹುದು ಎಲ್ಲಾ ಬರೆಯಬೇಕು. ಸುಳ್ಳಿದ್ದರೆ ಬರೆದವರು ಹೊಣೆ. ನಿಮ್ಮ ತಂದೆಗೆ ಗೊತ್ತಿರಲಿಲ್ಲ ಅಂದಿರಲ್ಲ, ಅದೇ ನಾಲ್ಕು ಮಾತು. ಹತ್ತಿಪ್ಪತ್ತು ಜನರನ್ನು ಹೆಸರು ಹಿಡಿದು ಕರೆದರೆ ಅವರು ಮನೆಗೆ ಬಂದು ಲೆಕ್ಕ ಕೇಳುತ್ತಾರೆ. ಸಾವಿರ ಜನರನ್ನು ಕರೆದರೆ ಯಾರೂ ಕೇಳುವುದಿಲ್ಲ, ಪಕ್ಕದ ಮನೆಯವನು ಹಾಕಿದ ಅಂತ ತಾವೂ ಹಾಕುತ್ತಾರೆ. ಪ್ರಾಸ್ಪೆಕ್ಟಸ್ ಕಡ್ಡಾಯ ಮಾಡಿರುವುದು ಅಂಥವರಿಗಾಗಿ.

ಅರಸೀಕೆರೆ_ತೆಂಗು

ನನ್ನ ಪ್ರಶ್ನೆ ಹಾಗೇ ಉಳಿಯಿತು. ನಮ್ಮ 640?

ಹಾಸನ_ಸಿಎಸ್

ಮರೆತಿಲ್ಲ. ಪ್ರೊಡ್ಯೂಸರ್ ಕಂಪನಿಗೆ ಕಾಯ್ದೆಯಲ್ಲಿ ಬೇರೆಯೇ ಅಧ್ಯಾಯ ಇದೆ. ಹತ್ತು ಬೆಳೆಗಾರರಿದ್ದರೆ ಶುರು ಮಾಡಬಹುದು, ಸದಸ್ಯರಿಗೆ 200ರ ಮಿತಿ ಇಲ್ಲ. ನಿಮ್ಮ 640 ತಪ್ಪಲ್ಲ.

ಸಕಲೇಶಪುರದವರೇ, ನಿಮ್ಮ 412 ಜನರೂ ನಿಜವಾಗಿ ಬೆಳೆಗಾರರೇ ಆಗಿದ್ದರೆ ನಿಮಗೂ ಅದೇ ಸರಿಯಾದ ಮನೆ ಅಂತ ನನಗನಿಸುತ್ತದೆ. ಆದರೆ ಬೆಲೆ ಕೊಡಬೇಕು. ಬೆಳೆಯುವವನಿಗೆ ಮಾತ್ರ ಷೇರು. ಐದು ಲಕ್ಷ ಹಾಕಿದವನಿಗೂ ಐದು ಸಾವಿರ ಹಾಕಿದವನಿಗೂ ಒಂದೇ ಓಟು. ಷೇರನ್ನು ಹೊರಗಿನವರಿಗೆ ಮಾರುವ ಹಾಗಿಲ್ಲ. ನಾಳೆ ಬೆಂಗಳೂರಿನ ಒಬ್ಬ ಹೂಡಿಕೆದಾರ ಒಂದು ಕೋಟಿ ಕೊಡುತ್ತೇನೆ ಅಂದರೂ ಅವನಿಗೆ ಷೇರು ಕೊಡಲು ಆಗುವುದಿಲ್ಲ.

ಅರಸೀಕೆರೆ_ತೆಂಗು

ಆ ಒಂದು ಓಟಿನ ವಿಷಯ ನಿಜ. ನಮ್ಮಲ್ಲಿ ಕೊಬ್ಬರಿ ಡ್ರೈಯರ್ ಎಲ್ಲಿಡಬೇಕು ಅಂತ ತೀರ್ಮಾನ ಆಗೋಕೆ ಎರಡು ವರ್ಷ ಬೇಕಾಯಿತು. ಎಲ್ಲರೂ ನಮ್ಮೂರಿಗೇ ಬೇಕು ಅಂದರು. ಆದರೆ ಅಣ್ಣ, ರೈತ ಉತ್ಪಾದಕ ಸಂಸ್ಥೆಗಳಿಗೆ ಇರುವ ಸರ್ಕಾರದ ಎಫ್‌ಪಿಒ ಯೋಜನೆಯಲ್ಲಿ ಸೇರಿಸಿಕೊಂಡರೆ ರೈತ ಹಾಕಿದ ಷೇರಿಗೆ ಸಮನಾಗಿ ಅವರೂ ಕೊಡುತ್ತಾರೆ. ಒಬ್ಬರಿಗೆ 2,000ದವರೆಗೆ, ಕಂಪನಿಗೆ 15 ಲಕ್ಷದವರೆಗೆ. ವಿಚಾರಿಸಿ ನೋಡಿ.

ಸಕಲೇಶಪುರ_ತೋಟ

ನನ್ನ ಗೆಳೆಯ ಒಂದು ಓಟಿಗೆ ಒಪ್ಪುವುದಿಲ್ಲ. "ನಮ್ಮ ಜಾಗ, ನಮ್ಮ ಓಡಾಟ, ಅವರ ತೀರ್ಮಾನವಾ?" ಅನ್ನುತ್ತಿದ್ದಾನೆ. ಅವನದೂ ತಪ್ಪಲ್ಲ.

ಹಾಗಾದರೆ ಎಲ್ಲಾ ವಾಪಸ್ ಕೊಟ್ಟು, ಒಪ್ಪಿದ 63 ಜನರ ಹೆಸರನ್ನು ಬೋರ್ಡ್ ಮೀಟಿಂಗಿನಲ್ಲಿ ಬರೆದು, ಸರಿಯಾದ ಪತ್ರ ಕಳಿಸಿದರೆ ಆಗುತ್ತದಾ? 63 ಅಂದರೆ 200ರ ಒಳಗೇ ಇದೆ.

ಹಾಸನ_ಸಿಎಸ್

ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಕಾಗದದ ಮೇಲೆ ಸರಿ ಕಾಣುತ್ತದೆ. ಆದರೆ ಈ ವರ್ಷದ ಎಣಿಕೆ ಆಗಲೇ 412ಕ್ಕೆ ಹೋಗಿದೆ ಅನ್ನಬಹುದು, ಹಾಗಾಗಿ ಮಾರ್ಚ್ 31 ಮುಗಿಯುವ ಮುಂಚೆ ಖಂಡಿತ ಬೇಡ. ಏಪ್ರಿಲ್ ನಂತರವೂ ಒಂದು ಪ್ರಶ್ನೆ ಉಳಿಯುತ್ತದೆ. ಆ 63 ಜನರನ್ನು ಬೋರ್ಡ್ ಆರಿಸಿತಾ, ಇಲ್ಲ ಪೋಸ್ಟರ್ ಆರಿಸಿತಾ? ನಾನು ರಿಜಿಸ್ಟ್ರಾರ್ ಆಗಿದ್ದರೆ ಅದನ್ನೇ ಕೇಳುತ್ತಿದ್ದೆ.

ನನ್ನ ಸಲಹೆ ಇಷ್ಟು. ನಿಮಗೆ ಮೊದಲಿಂದ ಗೊತ್ತಿರುವ, ನೀವೇ ಹೋಗಿ ಮಾತಾಡಬಲ್ಲ ಹದಿನೈದು ಇಪ್ಪತ್ತು ಜನ ಸಾಕಾ ನೋಡಿ. 30 ಲಕ್ಷ ಅಂದರೆ ತಲಾ ಒಂದೂವರೆ ಎರಡು ಲಕ್ಷ. ಷೇರಿಗೆ 100 ರೂ. ಅಂತ ಯಾವ ಲೆಕ್ಕದಲ್ಲಿ ಇಟ್ಟಿರಿ ಅನ್ನುವುದಕ್ಕೆ ನೋಂದಾಯಿತ ವ್ಯಾಲ್ಯೂಯರ್ ವರದಿಯೂ ಬೇಕು. ಅದನ್ನು ಮಾಡಿಸಿದ್ದೀರಾ?

ಸಕಲೇಶಪುರ_ತೋಟ

ಇಲ್ಲ ಸಾರ್. 100 ಅಂದರೆ ಲೆಕ್ಕಕ್ಕೆ ಸುಲಭ ಅಂತ ಇಟ್ಟಿದ್ದು.

ಸಕಲೇಶಪುರ_ತೋಟ (ಒಂಬತ್ತು ದಿನದ ನಂತರ)

ಒಂದು ಅಪ್‌ಡೇಟ್. ಗೆಳೆಯ ಮೆಣಸು ಮಾರಿದ ದುಡ್ಡು, ನಾನು ಒಂದು ಎಫ್‌ಡಿ ಮುರಿದ ದುಡ್ಡು ಸೇರಿಸಿ ಕಂಪನಿಗೆ 3 ಲಕ್ಷ ಹಾಕಿದೆವು. ಬರೆದುಕೊಡಬೇಕಾದ್ದನ್ನು ಬರೆದುಕೊಟ್ಟೆವು. 21 ಜನರಲ್ಲಿ 19 ಜನಕ್ಕೆ ವಾಪಸ್ ಹೋಗಿದೆ. ನಗದು ಕೊಟ್ಟವರಲ್ಲಿ ಇಬ್ಬರು ಚೆಕ್ ಬೇಡ ಅಂತ ಹಟ ಹಿಡಿದಿದ್ದಾರೆ. "ನಾನು ಕೈಗೆ ಕೊಟ್ಟೆ, ಕೈಗೇ ಕೊಡು" ಅಂತಾರೆ. ಒಬ್ಬರಿಗಂತೂ ನಾನು ವಾಪಸ್ ಕೊಡುತ್ತಿರುವುದೇ ಅನುಮಾನ. ಅವರನ್ನು ಕಂಪನಿಯಿಂದ ಹೊರಗೆ ಹಾಕಿ ನಾವೇ ಲಾಭ ಹೊಡೆಯುತ್ತೇವೆ ಅಂತ ಊರೆಲ್ಲಾ ಹೇಳಿಕೊಂಡು ಬರುತ್ತಿದ್ದಾರೆ.

ಗ್ರೂಪಿನಲ್ಲಿ ಕೊಡುಗೆ ವಾಪಸ್ ಪಡೆದಿದ್ದೇವೆ ಅಂತ ಹಾಕಿದ್ದೇನೆ. ಫೇಸ್‌ಬುಕ್ ಹುಡುಗನಿಗೆ ಹೇಳಿ ತೆಗೆಸಿದೆ. ಸೋಮವಾರ ಸಿಎ ಜೊತೆ ಬೆಂಗಳೂರಿಗೆ ಹೋಗುತ್ತೇವೆ.

ಹಾಸನ_ಸಿಎಸ್

ಆ ಇಬ್ಬರ ಅಕೌಂಟಿಗೆ ನೇರವಾಗಿ ಕಟ್ಟಿ, ಕಟ್ಟಿದ ಚೀಟಿ ಇಟ್ಟುಕೊಳ್ಳಿ. ಅಕೌಂಟ್ ನಂಬರ್ ಕಾಫಿ ಮಾರಿದ ವ್ಯಾಪಾರಿ ಹತ್ತಿರ ಸಿಗಬಹುದು, ಆದರೆ ಅವರನ್ನೇ ಕೇಳಿ ತಗೊಳ್ಳಿ. ಪೋಸ್ಟರ್ ಅಳಿಸುವ ಮುಂಚೆ ಅದರ ಸ್ಕ್ರೀನ್‌ಶಾಟ್, ಗ್ರೂಪಿನ ಸದಸ್ಯರ ಸಂಖ್ಯೆ ಕಾಣುವ ಹಾಗೆ, ಇಟ್ಟುಕೊಂಡಿದ್ದೀರಿ ತಾನೆ? ರಿಜಿಸ್ಟ್ರಾರ್ ಮುಂದೆ ಹೋಗುವುದಾದರೆ ಅದನ್ನು ನೀವೇ ಕೊಡಬೇಕು.

ಮೂಡಿಗೆರೆ_ಹುಡುಗ

ಅಣ್ಣ, ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ನಾನು ಕಳಿಸುತ್ತೇನೆ. ಆ ಪೋಸ್ಟರ್ ಇವತ್ತು ಬೆಳಿಗ್ಗೆ ನಮ್ಮ ಮೂಡಿಗೆರೆ ಕ್ರಿಕೆಟ್ ಗ್ರೂಪಿಗೆ ಬಂತು. ಮೇಲೆ "ಕೊನೆಯ ದಿನಾಂಕ ವಿಸ್ತರಿಸಲಾಗಿದೆ" ಅಂತ ಯಾರೋ ಸೇರಿಸಿದ್ದಾರೆ.